ತಾಳೆ ನೋಡಿದೆಯಾ?

ಗಣಿತದ ಪುಸ್ತಕದಲ್ಲಿ ಬೇಗ ಮಾಸುವ ಪುಟಗಳು ಯಾವುವು ಗೊತ್ತೇ? ಕೊನೆಯ ಉತ್ತರಗಳ ಪುಟಗಳು. ಲೆಕ್ಕ ಮುಗಿಯಿತೋ ಇಲ್ಲವೋ, ಕೈ ಅಲ್ಲಿಗೆ ಓಡುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ ಆ ಪುಟ ಇರುವುದಿಲ್ಲವಲ್ಲ, ಆಗೇನು ಮಾಡುತ್ತಾರೆ? ಬರೆದದ್ದನ್ನೇ ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಓದುತ್ತಾರೆ. ಮೊದಲ ಸಲ ಏಳೆಂಟ್ಲ ಐವತ್ತನಾಲ್ಕು ಎಂದ ಮನಸ್ಸು ಎರಡನೇ ಸಲವೂ ಅದನ್ನೇ ಅನ್ನುತ್ತದೆ. ತಾಳೆ ನೋಡಬೇಕಾದರೆ ಹೋದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರಬೇಕು.

ಹಾಗೆ ಬರುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. 499ರ ‘ಆರ್ಯಭಟೀಯ’ದಲ್ಲೇ ಅದಕ್ಕೊಂದು ಸೂತ್ರವಿದೆ: ಹಿಂದಕ್ಕೆ ಹೋಗುವಾಗ ಗುಣಿಸಿದ್ದನ್ನು ಭಾಗಿಸಬೇಕು, ಭಾಗಿಸಿದ್ದನ್ನು ಗುಣಿಸಬೇಕು, ಕೂಡಿದ್ದನ್ನು ಕಳೆಯಬೇಕು, ಕಳೆದದ್ದನ್ನು ಕೂಡಬೇಕು. ಜಗಲಿಯ ಮೇಲೆ ಮಕ್ಕಳು ಆಡುವ ಆಟವೂ ಇದೇ ಅಲ್ಲವೇ? ‘ಒಂದು ಸಂಖ್ಯೆ ನೆನೆಸ್ಕೋ, ಮೂರರಿಂದ ಗುಣಿಸು, ನಾಲ್ಕು ಕೂಡು, ಅರ್ಧ ಮಾಡು. ಎಷ್ಟು ಬಂತು?’ ಹನ್ನೊಂದು ಅಂದರೆ, ಎರಡರಿಂದ ಗುಣಿಸಿ 22, ನಾಲ್ಕು ಕಳೆದು 18, ಮೂರರಿಂದ ಭಾಗಿಸಿ 6. ಅಣ್ಣ ಹೇಳಿಬಿಟ್ಟ ಎಂದು ತಂಗಿ ಕಣ್ಣರಳಿಸುತ್ತಾಳೆ. ಅದೇ ತಂಗಿ ಶಾಲೆಯಲ್ಲಿ ಭಾಗಾಕಾರ ಮಾಡಿ, ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ, ಶೇಷ ಕೂಡಿ, ಭಾಜ್ಯ ಬಂತೇ ಎಂದು ನೋಡಿದರೆ ಅದೂ ಇದೇ ಆಟವೇ.

ಎಲ್ಲಿಂದ ಎಲ್ಲಿಗೋ ಬಂದೆ. ನಾನು ಹೇಳಹೊರಟದ್ದು ಹತ್ತನೇ ತರಗತಿಯ ರೈಲಿನ ಲೆಕ್ಕ. ಒಂದು ರೈಲು 300 ಕಿಲೋಮೀಟರ್ ಹೋಗಬೇಕು. ವೇಗ ಗಂಟೆಗೆ 10 ಕಿಲೋಮೀಟರ್ ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ಸೇರುತ್ತಿತ್ತು. ಹಾಗಾದರೆ ಅದರ ವೇಗ ಎಷ್ಟು?

x ಅನ್ನು ಮುಟ್ಟುವ ಮೊದಲು ಸುಮ್ಮನೆ ಅಂದಾಜು ಮಾಡೋಣ. ವೇಗ 30 ಆಗಿದ್ದರೆ 10 ಗಂಟೆ, 40 ಆದರೆ ಏಳೂವರೆ. ಉಳಿತಾಯ ಎರಡೂವರೆ ಗಂಟೆ, ಅದು ಹೆಚ್ಚಾಯಿತು. ವೇಗ 100 ಆಗಿದ್ದರೆ 3 ಗಂಟೆ, 110ಕ್ಕೆ ಸುಮಾರು ಎರಡೂಮುಕ್ಕಾಲು. ಉಳಿತಾಯ ಹೆಚ್ಚುಕಡಿಮೆ ಕಾಲು ಗಂಟೆಯಷ್ಟೇ, ಅದು ಕಡಿಮೆಯಾಯಿತು. ಅಂದರೆ ಉತ್ತರ 30ಕ್ಕೂ 100ಕ್ಕೂ ನಡುವೆ ಎಲ್ಲೋ ಇದೆ. ಇದನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದಿಡಬೇಕು. ಲೆಕ್ಕ ಮುಗಿದ ಮೇಲೆ ಮಾಡುವ ಅಂದಾಜು, ಬಂದ ಉತ್ತರದ ಕಡೆಗೇ ವಾಲಿಬಿಡುತ್ತದೆ.

ಈಗ ಒಬ್ಬ ಹುಡುಗಿ ಈ ಲೆಕ್ಕ ಮಾಡುತ್ತಾಳೆ ಅನ್ನಿ. ಹೆಚ್ಚಿಸಿದ ವೇಗವನ್ನೇ x ಎಂದುಕೊಂಡು ಹೀಗೆ ಬರೆಯುತ್ತಾಳೆ:

300/(x − 10) − 300/x = 1

ಇದು x² − 10x − 3000 = 0 ಆಗುತ್ತದೆ, (x − 60)(x + 50) = 0 ಎಂದು ಒಡೆಯುತ್ತದೆ. ವೇಗ ಋಣವಾಗದು, ಹಾಗಾಗಿ −50 ಬಿಟ್ಟು 60 ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಾಳೆ. ಅಂದಾಜಿಗೆ ಹೊಂದಿತೇ? ಹೊಂದಿತು. ಅಪವರ್ತನಗಳನ್ನು ಹಿಂದಕ್ಕೆ ಗುಣಿಸಿದರೆ ಸಮೀಕರಣ ಮರಳಿ ಬಂತೇ? ಬಂತು. x ಇದ್ದ ಕಡೆ 60 ಹಾಕಿದರೆ 6 − 5 = 1, ಅದೂ ಸರಿ. ಇಷ್ಟಾದರೂ ಉತ್ತರ ತಪ್ಪು!

ಬೆಲೆಯನ್ನು ಸಮೀಕರಣದಲ್ಲಿ ಹಾಕಿದ್ದಾಯಿತು, ಪ್ರಶ್ನೆಯಲ್ಲಿ ಹಾಕಲಿಲ್ಲ. ಸಮೀಕರಣ ಅವಳೇ ಬರೆದದ್ದು, ಅದು ಅವಳ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಪ್ರಶ್ನೆಯ ವಾಕ್ಯಕ್ಕೆ ಹೋಗಿ ರೈಲನ್ನೇ ಓಡಿಸಲಿ: ಈಗಿನ ವೇಗ 60 ಆದರೆ 5 ಗಂಟೆ. 10 ಹೆಚ್ಚಿಸಿ 70 ಮಾಡಿದರೆ 4 ಗಂಟೆ 17 ನಿಮಿಷ. ಉಳಿದದ್ದು 43 ನಿಮಿಷ, ಒಂದು ಗಂಟೆಯಲ್ಲ. ಅಲ್ಲಿ ಸಿಕ್ಕಿಬಿತ್ತು ನೋಡಿ! 60 ಹೆಚ್ಚಿಸಿದ ವೇಗ. ಕೇಳಿದ್ದು ಮೊದಲಿನ ವೇಗ, 50. ಇನ್ನೊಮ್ಮೆ ಓಡಿಸಿದರೆ 6 ಗಂಟೆ, 5 ಗಂಟೆ, ವ್ಯತ್ಯಾಸ ಸರಿಯಾಗಿ ಒಂದು.

ಹಾಗೆಂದು ಅಂದಾಜನ್ನೂ ಹಿಮ್ಮುಖ ಲೆಕ್ಕವನ್ನೂ ತಳ್ಳಿಹಾಕುವಂತಿಲ್ಲ. ಒಂದೊಂದು ಒಂದೊಂದು ಬಗೆಯ ತಪ್ಪನ್ನು ಹಿಡಿಯುತ್ತದೆ. ಕಿಲೋಗೆ 48 ರೂಪಾಯಿಯಂತೆ ಎರಡೂಮುಕ್ಕಾಲು ಕಿಲೋ ಟೊಮೆಟೊಗೆ 1320 ಎಂದು ಬಂದರೆ, ಮೂರೈವತ್ಲಿ ನೂರೈವತ್ತು, ಅದನ್ನು ದಾಟುವಂತಿಲ್ಲ ಎಂದು ಅಂದಾಜೇ ಹೇಳುತ್ತದೆ. ದಶಾಂಶ ಬಿಂದು ಜಾರಿದೆ, ಬೆಲೆ 132. ಆದರೆ 132 ಬದಲು 123 ಎಂದು ಅಂಕಿ ಅದಲುಬದಲಾದರೆ ಅಂದಾಜಿಗೆ ಅದು ಕಾಣದು. 123ನ್ನು 48ರಿಂದ ಭಾಗಿಸಿ ಹಿಂದಕ್ಕೆ ಹೋದರೆ ಎರಡೂವರೆಗಿಂತ ಚೂರು ಹೆಚ್ಚು ಬರುತ್ತದೆ, ಎರಡೂಮುಕ್ಕಾಲು ಬರುವುದಿಲ್ಲ. ಅಲ್ಲಿ ತಪ್ಪು ಬಯಲಾಗುತ್ತದೆ. ಚಿಹ್ನೆ ತಪ್ಪಿದ್ದರೆ ಅಪವರ್ತನ ಗುಣಿಸಿದಾಗ ತಿಳಿಯುತ್ತದೆ. ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದರೆ ಮಾತ್ರ ಪ್ರಶ್ನೆಗೇ ಮರಳಬೇಕು.

ರೈಲು ಓಡಿಸಲು ಬೇಕಾದದ್ದು ಎರಡು ಭಾಗಾಕಾರ, ಒಂದು ಕಳೆಯುವ ಲೆಕ್ಕ, ಅಷ್ಟೇ. ಮೇಷ್ಟ್ರುಗಳಲ್ಲಿ, ಮನೆಯಲ್ಲಿ ಪಾಠ ಹೇಳಿಕೊಡುವ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟು: ಮಗು ಉತ್ತರ ತೋರಿಸಿದಾಗ ತಕ್ಷಣ ‘ಸರಿ’ ಅಂತಲೋ ‘ತಪ್ಪು’ ಅಂತಲೋ ಹೇಳಬೇಡಿ, ‘ಪ್ರಶ್ನೆಗೆ ಹಾಕಿ ನೋಡಿದೆಯಾ?’ ಎಂದು ಮೊದಲು ಕೇಳಿ.