ಹಲಸು ಬಿದ್ದರೆ ದುಡ್ಡು ಯಾರು ಕೊಡ್ತಾರೆ?

ಆಫೀಸಿನ ಫ್ಯಾಮಿಲಿ ಡೇಗೆ ಸ್ಲಾಟ್ ಮಷೀನ್ ಇಡೋಣ ಅಂದಿದ್ದು ನನ್ನ ಪಕ್ಕದ ಸೀಟಿನ ಗೆಳೆಯ. ನಿಜವಾದ ಮಷೀನಲ್ಲ, ಟ್ಯಾಬ್ಲೆಟ್ ಮೇಲೆ ಮೂರು ಚಕ್ರ ತಿರುಗುವ ಆಟ. ಯಾರೂ ದುಡ್ಡು ಹಾಕುವ ಹಾಗಿಲ್ಲ. ಬಂದ ಪ್ರತಿ ಕುಟುಂಬಕ್ಕೂ 20 ಸುತ್ತು ಪುಕ್ಕಟೆ. ಗೆದ್ದ ಟೋಕನ್ನನ್ನು ಮತ್ತೆ ಆಡೋಕೆ ಬಳಸುವಂತಿಲ್ಲ, ಸೀದಾ ತಿಂಡಿ ಸ್ಟಾಲಿಗೆ ಹೋಗಿ ಚುರುಮುರಿಯೋ ಮೆಣಸಿನಕಾಯಿ ಬಜ್ಜಿಯೋ ತಿನ್ನಬೇಕು. ಒಂದು ಟೋಕನ್ನಿಗೆ ಹತ್ತು ರೂಪಾಯಿ. 100 ಕುಟುಂಬ ಅಂದರೆ 2,000 ಸುತ್ತು. ಎಚ್‌ಆರ್ ಮೇಡಂ ಕೊಟ್ಟಿದ್ದು 20,000 ರೂಪಾಯಿ, ಜೊತೆಗೊಂದು ಮಾತು: "ಇದಕ್ಕಿಂತ ಜಾಸ್ತಿ ಆದ್ರೆ ನೀವಿಬ್ರೇ ನೋಡ್ಕೊಳ್ಳಿ."

ಅಂದರೆ ಒಂದು ಸುತ್ತಿಗೆ ಸರಾಸರಿ ಒಂದು ಟೋಕನ್ನಿಗಿಂತ ಕಡಿಮೆ ವಾಪಸ್ ಹೋಗಬೇಕು. ಕ್ಯಾಸಿನೋ ಭಾಷೆಯಲ್ಲಿ ಇದನ್ನು ಆರ್‌ಟಿಪಿ ಅಂತಾರೆ, ಆಟಗಾರ ಹಾಕಿದ್ದರಲ್ಲಿ ದೀರ್ಘಕಾಲದಲ್ಲಿ ಅವನಿಗೆ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನುವ ಲೆಕ್ಕ. ಅಮೆರಿಕದ ನೆವಾಡಾದಲ್ಲಿ ಇದು ಕನಿಷ್ಠ 75% ಇರಬೇಕೆಂಬ ನಿಯಮವೇ ಇದೆ. ನಮ್ಮ ಗುರಿ 90%ರ ಆಸುಪಾಸು.

ಗೆಳೆಯ ಕ್ಯಾಂಟೀನಿನ ಟಿಶ್ಯೂ ಮೇಲೆ ಪಟ್ಟಿ ಬರೆದುಕೊಟ್ಟ. ಪ್ರತಿ ಚಕ್ರದಲ್ಲೂ 20 ಮನೆ: ಹಲಸು 1, ಮಾವು 3, ಬಾಳೆ 6, ನಿಂಬೆ 4, ಉಳಿದ 6 ಖಾಲಿ. ಮೂರೂ ಹಲಸು ಬಿದ್ದರೆ 1,000 ಟೋಕನ್, ಮೂರು ಮಾವಿಗೆ 40, ಮೂರು ನಿಂಬೆಗೆ 20, ಮೂರು ಬಾಳೆಗೆ 10. ಮೊದಲ ಎರಡು ಚಕ್ರದಲ್ಲಿ ಮಾತ್ರ ನಿಂಬೆ ಬಿದ್ದರೆ 6.

"ಇದು ಎಷ್ಟು ಪರ್ಸೆಂಟ್ ಬರುತ್ತೆ?"

"ತೊಂಬತ್ತು ಬರ್ಬೇಕು ಕಣೋ, ಅಂದಾಜಲ್ಲಿ ಹಾಕಿದೀನಿ."

ಅಂದಾಜಿನ ಮೇಲೆ ನನ್ನ ಸಂಬಳ ಪಣಕ್ಕಿಡೋ ಧೈರ್ಯ ನನಗಿರಲಿಲ್ಲ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದೆ.

```python
import numpy as np
rng = np.random.default_rng()
mane = np.array(list("H" + "M"*3 + "B"*6 + "N"*4 + "-"*6))

n = 10_000
a, b, c = mane[rng.integers(0, 20, (3, n))]
w = np.zeros(n)
for s, h in [("H", 1000), ("M", 40), ("B", 10), ("N", 20)]:
    w[(a == s) & (b == s) & (c == s)] += h
w[(a == "N") & (b == "N")] += 6
print(w.mean(), w.std() / n**0.5)
```

ಹಣ್ಣುಗಳ ಹೆಸರಿನಿಂದ ಒಂದನ್ನು ಆರಿಸುವ ಬದಲು 20 ಮನೆಗಳಿಂದ ಒಂದನ್ನು ಆರಿಸಿದ್ದೇನೆ, ಗಮನಿಸಿ. ಐದು ಚಿಹ್ನೆಗಳಲ್ಲಿ ಒಂದನ್ನು ಸುಮ್ಮನೆ ಎತ್ತಿದರೆ ಹಲಸಿಗೂ ಖಾಲಿಗೂ ಒಂದೇ ಅವಕಾಶ ಸಿಕ್ಕಿಬಿಡುತ್ತದೆ, ಇಡೀ ಲೆಕ್ಕ ಹಾಳು. `w` ಅನ್ನುವುದು ಪ್ರತಿ ಸುತ್ತಿನ ಗೆಲುವಿನ ಸಾಲು, ಅದರ ಸರಾಸರಿಯೇ ಆರ್‌ಟಿಪಿ.

ಹತ್ತು ಸಾವಿರ ಸುತ್ತು ಓಡಿಸಿದೆ. 0.81 ಬಂತು. ಆಹಾ, ಉಳಿತಾಯ! ಇನ್ನೊಮ್ಮೆ ಓಡಿಸಿದೆ, 1.12. ಎದೆ ಧಸಕ್ಕೆಂದಿತು. ಮತ್ತೊಮ್ಮೆ, 0.89. ಒಂದೇ ಪ್ರೋಗ್ರಾಂ, ಒಂದೇ ಪಟ್ಟಿ, ಮೂರು ಉತ್ತರ.

ಕಾರಣ ಹಲಸು. ಒಂದು ಸಲ ಮೂರು ಹಲಸು ಬಿದ್ದರೆ 1,000 ಟೋಕನ್. ಹತ್ತು ಸಾವಿರ ಸುತ್ತಿಗೆ ಅದನ್ನು ಹಂಚಿದರೆ ಅದೊಂದೇ ಆರ್‌ಟಿಪಿಯನ್ನು ಹತ್ತು ಪರ್ಸೆಂಟ್ ಮೇಲೆತ್ತುತ್ತದೆ. ಅದು ಬೀಳುವುದು 8,000 ಸುತ್ತಿಗೊಮ್ಮೆ. ಹಾಗಾಗಿ ಹತ್ತು ಸಾವಿರದಲ್ಲಿ ಒಮ್ಮೆ ಸೊನ್ನೆ ಸಲ, ಒಮ್ಮೆ ಒಂದು ಸಲ, ಒಮ್ಮೆ ಮೂರು ಸಲ ಬೀಳುವುದು ಏನೂ ವಿಶೇಷವಲ್ಲ. ಕೋಡಿನ ಕೊನೆ ಸಾಲು ಪ್ರಿಂಟ್ ಮಾಡುವ ಎರಡನೇ ಸಂಖ್ಯೆ ಇದನ್ನೇ ಹೇಳುತ್ತದೆ. ಅದು ಸರಾಸರಿ ಎಷ್ಟು ಓಲಾಡಬಹುದು ಅನ್ನುವ ಅಳತೆ. ಹತ್ತು ಸಾವಿರ ಸುತ್ತಿಗೆ ಅದು ಸುಮಾರು 0.12 ಇರುತ್ತದೆ, ಅಂದರೆ ಹನ್ನೆರಡು ಪರ್ಸೆಂಟ್ ಆಚೀಚೆ. ಈ ಓಲಾಟ ಅರ್ಧ ಆಗಬೇಕಾದರೆ ಸುತ್ತುಗಳು ನಾಲ್ಕರಷ್ಟಾಗಬೇಕು. ಹತ್ತು ಲಕ್ಷ ಸುತ್ತಿಗೂ ಒಂದು ಪರ್ಸೆಂಟಿಗಿಂತ ಸ್ವಲ್ಪ ಹೆಚ್ಚೇ ಉಳಿದಿರುತ್ತದೆ. ಲಕ್ಷಗಟ್ಟಲೆ ಸಾಲದು, ಕೋಟಿ ಬೇಕು ಅನ್ನುವುದು ನನಗೆ ಅರ್ಥವಾದದ್ದು ಇಲ್ಲಿ.

`n` ಅನ್ನು ಒಂದು ಕೋಟಿಗೆ ಏರಿಸಿದೆ. ಲ್ಯಾಪ್‌ಟಾಪಿನ ಫ್ಯಾನು ಒಂದಿಷ್ಟು ಗೊಣಗಿತು. ಉತ್ತರ 0.9317, ಓಲಾಟ 0.0037. ತೊಂಬತ್ಮೂರು! ಗೆಳೆಯನ ಅಂದಾಜು ಪರವಾಗಿಲ್ಲವಲ್ಲ ಅಂತ ಮಲಗಬೇಕಿತ್ತು. ಆದರೆ ಟಿಶ್ಯೂ ಇನ್ನೂ ಮೇಜಿನ ಮೇಲಿತ್ತು, ಪೆನ್ನೂ ಇತ್ತು.

20 ಮನೆಯ ಮೂರು ಚಕ್ರ ಅಂದರೆ ಒಟ್ಟು 8,000 ಜೋಡಣೆ, ಕೈಯಲ್ಲೇ ಎಣಿಸಬಹುದು. ಮೂರು ಹಲಸು 1 ರೀತಿಯಲ್ಲಿ, ಮೂರು ಮಾವು 27 ರೀತಿಯಲ್ಲಿ, ಮೂರು ಬಾಳೆ 216, ಮೂರು ನಿಂಬೆ 64. ಮೊದಲೆರಡೇ ನಿಂಬೆ ಅಂದರೆ 4 × 4 × 16, ಅಂದರೆ 256. ಆಯಾ ಬಹುಮಾನದಿಂದ ಗುಣಿಸಿ ಕೂಡಿದರೆ 7,056. ಎಂಟು ಸಾವಿರದಿಂದ ಭಾಗಿಸಿದರೆ 0.882.

ಪ್ರೋಗ್ರಾಂ 93 ಅನ್ನುತ್ತಿದೆ, ಟಿಶ್ಯೂ 88 ಅನ್ನುತ್ತಿದೆ. ಹತ್ತು ಸಾವಿರ ಸುತ್ತಿನ ಕಾಲದಲ್ಲಾಗಿದ್ದರೆ "ಹೋಗ್ಲಿ ಬಿಡು, ಆಚೀಚೆ ಇರುತ್ತೆ" ಅನ್ನಬಹುದಿತ್ತು. ಈಗ ಹಾಗಲ್ಲ. ವ್ಯತ್ಯಾಸ ಓಲಾಟದ ಹದಿಮೂರು ಪಟ್ಟು. ಅದೃಷ್ಟದ ಮೇಲೆ ಹಾಕೋಕೆ ಸಾಧ್ಯವೇ ಇಲ್ಲ, ಎಲ್ಲೋ ತಪ್ಪಿದೆ.

ತಪ್ಪು ನನ್ನದೇ. ಮೂರೂ ನಿಂಬೆ ಬಿದ್ದಾಗ ಮೊದಲೆರಡೂ ನಿಂಬೆಯೇ ತಾನೆ? ನನ್ನ ಕೋಡು 20 ಕೊಟ್ಟು, ಅದರ ಮೇಲೆ ಇನ್ನೊಂದು 6 ಕೂಡ ಕೊಡುತ್ತಿತ್ತು. 64 ಜೋಡಣೆ, ತಲಾ 6, ಸರಿಯಾಗಿ 4.8 ಪರ್ಸೆಂಟ್. ಒಂದು ಷರತ್ತು ಸೇರಿಸಿದೆ:

```python
w[(a == "N") & (b == "N") & (c != "N")] += 6
```

0.8837. ಈಗ ಎರಡೂ ಕೈಕುಲುಕಿದವು. ಟಿಶ್ಯೂ ಮೇಲೆಯೇ ಎಣಿಸಬಹುದಾದರೆ ಕೋಡು ಯಾಕೆ ಅಂತ ನೀವು ಕೇಳಬಹುದು. ಆಗ ನನಗೂ ಹಾಗೇ ಅನ್ನಿಸಿತ್ತು. ಆದರೆ ಟಿಶ್ಯೂ ಹೇಳುವುದು ಸರಾಸರಿ ಮಾತ್ರ. ನಮಗೆ ಇದ್ದಿದ್ದು ಒಂದೇ ಸಂಜೆ.

ನನ್ನ ಹತ್ತಿರ ಒಂದು ಕೋಟಿ ಸುತ್ತು ಇತ್ತಲ್ಲ. ಅದನ್ನು 2,000ದ ಕಟ್ಟುಗಳಾಗಿ ಕತ್ತರಿಸಿದರೆ 5,000 ಫ್ಯಾಮಿಲಿ ಡೇ ಸಿಗುತ್ತವೆ. 20ರ ಕಟ್ಟುಗಳಾಗಿ ಕತ್ತರಿಸಿದರೆ ಐದು ಲಕ್ಷ ಕುಟುಂಬ.

```python
sanje = w.reshape(-1, 2000).sum(axis=1)
mane_mandi = w.reshape(-1, 20).sum(axis=1)
print((sanje > 2000).mean(), (mane_mandi == 0).mean())
```

ಮೊದಲ ಉತ್ತರ 0.22. ನೂರು ಸಂಜೆಗಳಲ್ಲಿ 22 ಸಂಜೆ ಬಜೆಟ್ ಒಡೆಯುತ್ತದೆ! ಒಡೆಯುವುದೆಂದರೆ ಐವತ್ತು ನೂರು ರೂಪಾಯಿ ಅಲ್ಲ. ಹಲಸು ಬೀಳದ ಸಂಜೆ ಖರ್ಚು 15,000ದ ಸುತ್ತಮುತ್ತ ನಿಲ್ಲುತ್ತದೆ. ಒಂದು ಸಲ ಬಿತ್ತೋ, ಸೀದಾ 25,000. ಯಾವ ಸಂಜೆಯೂ ಆ "ಸರಾಸರಿ" 17,640ರ ಹತ್ತಿರ ಸುಮ್ಮನೆ ಬಂದು ಕೂರುವುದಿಲ್ಲ, ಒಂದೋ ಕೆಳಗೆ, ಇಲ್ಲವೋ ತುಂಬ ಮೇಲೆ. ಕ್ಯಾಸಿನೋ ಮಾಲೀಕನಿಗೆ ಇದು ಚಿಂತೆಯಲ್ಲ, ಅವನ ಮಷೀನು ವರ್ಷವಿಡೀ ತಿರುಗುತ್ತಿರುತ್ತದೆ. ನಮ್ಮದು ಎರಡು ಸಾವಿರ ಸುತ್ತಿಗೆ ಬಾಗಿಲು ಹಾಕುತ್ತದೆ.

ಎರಡನೇ ಉತ್ತರ 0.23. ಇದು ನನ್ನನ್ನು ಜಾಸ್ತಿ ಕಾಡಿತು. ನೂರರಲ್ಲಿ 23 ಕುಟುಂಬಗಳು ಇಪ್ಪತ್ತು ಸಲ ತಿರುಗಿಸಿಯೂ ಒಂದೂ ಟೋಕನ್ ಗೆಲ್ಲದೆ ಬರಿಗೈಲಿ ಹೋಗುತ್ತವೆ. 8,000 ಜೋಡಣೆಗಳಲ್ಲಿ ಏನಾದರೂ ಕೊಡುವಂಥವು 564 ಮಾತ್ರ, ಹದಿನಾಲ್ಕು ಸುತ್ತಿಗೊಂದು ಗೆಲುವು. ಐದು ವರ್ಷದ ಮಗು ಬಜ್ಜಿ ಸ್ಟಾಲ್ ಮುಂದೆ ನಿಂತು ಅಳುವಾಗ "ನಮ್ಮ ಆರ್‌ಟಿಪಿ 88 ಪರ್ಸೆಂಟ್ ಪುಟ್ಟಾ" ಅನ್ನೋಕಾಗುತ್ತಾ?

ಮಾರನೇ ದಿನ ಇಬ್ಬರೂ ಕೂತು ಪಟ್ಟಿ ತಿದ್ದಿದೆವು. ಹಲಸನ್ನು 1,000ದಿಂದ 100ಕ್ಕೆ ಇಳಿಸುವಾಗ ಗೆಳೆಯನ ಮುಖ ಸಣ್ಣಗಾಯಿತು. "ಜಾಕ್‌ಪಾಟ್ ಅಂದ್ರೆ ಜಾಕ್‌ಪಾಟ್ ಥರ ಇರ್ಬೇಕಲ್ವೇನೋ?" ನಾನು 22 ಅನ್ನುವ ಸಂಖ್ಯೆ ತೋರಿಸಿದೆ, ಸುಮ್ಮನಾದ. ಮೊದಲ ಚಕ್ರದಲ್ಲಿ ನಿಂಬೆ ಬಿದ್ದು ಎರಡನೆಯದರಲ್ಲಿ ಬೀಳದಿದ್ದರೂ 1 ಟೋಕನ್ ಕೊಡೋಣ ಅಂತ ಹೊಸ ಸಾಲು ಸೇರಿಸಿದೆವು. ಅದಕ್ಕೆ 1,280 ಜೋಡಣೆ, ತಗಲುವುದು 16 ಪರ್ಸೆಂಟ್. ಅದನ್ನು ಸರಿದೂಗಿಸಲು ಬಾಳೆ 10ರಿಂದ 8ಕ್ಕಿಳಿಯಿತು. ಆರ್‌ಟಿಪಿ 87.55%, ಹಳೆಯದಕ್ಕಿಂತ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಬಜೆಟ್ ದಾಟುವ ಸಂಜೆಗಳು ನೂರಕ್ಕೆ ಆರರ ಹತ್ತಿರಕ್ಕೆ ಬಂದವು, 25,000 ದಾಟಿದ್ದು ಐದು ಸಾವಿರದಲ್ಲಿ ಒಂದೂ ಇಲ್ಲ. ಬರಿಗೈಲಿ ಹೋಗುವವರು ಇನ್ನೂರು ಕುಟುಂಬಕ್ಕೆ ಒಬ್ಬರು.

ಒಂದು ಅನುಮಾನ ಉಳಿದಿತ್ತು. ನಾನು ಪರೀಕ್ಷಿಸಿದ್ದು ನನ್ನ ಪೈಥಾನನ್ನು, ಜನ ಆಡುವುದು ಗೆಳೆಯ ಬರೆದ ಆಟವನ್ನು. ಅವನ ಆಟವನ್ನೇ ಚಿತ್ರ ತೋರಿಸದೆ ಎರಡು ಲಕ್ಷ ಸಲ ಓಡಿಸಿ ಫೈಲಿಗೆ ಬರೆಸಿದೆವು. ಜಾಕ್‌ಪಾಟ್ ಎಣಿಸೋಕೆ ಹೋಗಲಿಲ್ಲ, ಅದು ತೀರಾ ಅಪರೂಪ, ಏನನ್ನೂ ಸಾಬೀತು ಮಾಡುವುದಿಲ್ಲ. ಪ್ರತಿ ಚಕ್ರದಲ್ಲಿ ನಿಂಬೆ ಎಷ್ಟು ಸಲ ಅಂತ ನೋಡಿದೆವು. 40,000 ಬರಬೇಕು, ಇನ್ನೂರು ಮುನ್ನೂರು ಆಚೀಚೆ. ಮೊದಲ ಚಕ್ರದಲ್ಲಿ 40,112 ಬಂತು, ಉಳಿದೆರಡೂ ಅಷ್ಟರೊಳಗೇ ಇದ್ದವು.

ಫ್ಯಾಮಿಲಿ ಡೇಗೆ ಬಂದಿದ್ದು 94 ಕುಟುಂಬ. ಸ್ಟಾಲಿನವರು ಎಣಿಸಿ ವಾಪಸ್ ಕೊಟ್ಟ ಟೋಕನ್ 1,593, ಬಿಲ್ಲು 15,930 ರೂಪಾಯಿ. ಮೇಡಂ ಖುಷಿ. ಟ್ಯಾಬ್ಲೆಟ್ ಮುಚ್ಚುವಾಗ ಅಕೌಂಟ್ಸಿನವರ ಮಗಳು, ಎರಡನೇ ಕ್ಲಾಸಿರಬೇಕು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಂಕಲ್, ಯಾರಿಗೂ ಮೂರು ಹಲಸಿನ ಹಣ್ಣು ಬರ್ಲೇ ಇಲ್ಲ. ನಿಮ್ಮ ಮಷೀನು ಮೋಸ."

ನೂರರಲ್ಲಿ 79 ಸಂಜೆ ಹಾಗೇ ಆಗುತ್ತೆ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಗೆಳೆಯ ಅವಳಿಗೆ ತನ್ನ ಪಾಲಿನ ಐಸ್ ಕ್ಯಾಂಡಿ ಕೊಟ್ಟುಬಿಟ್ಟಿದ್ದ.