ವರ್ಷದ ಆಯುಷ್ಯ, ಎಣಿಕೆಯ ಆಯುಷ್ಯ

ಬಾಲಾನಗರದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೆ ಯುಪಿಎಸ್ ಮಾರಿ ರಿಪೇರಿ ಮಾಡುವ ಅಂಗಡಿಯೊಂದಿದೆ. ಮಾಲೀಕರು ಬೀದರ್ ಕಡೆಯವರು, ನನ್ನನ್ನು ತಂಗೀ ಎನ್ನುತ್ತಾರೆ. ಕಳೆದ ವರ್ಷ ಅವರ ಗಿರಾಕಿಗಳಿಗೆಂದು ಎರಡು ಪುಟದ ಇಂಗ್ಲಿಷ್ ಮಾಹಿತಿ ಹಾಳೆಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಮೂಲದಲ್ಲಿ ಫ್ಲೋಟ್ ಲೈಫ್, ಸೈಕಲ್ ಲೈಫ್ ಎಂದು ಎರಡು ಸಾಲುಗಳಿದ್ದವು. ಎರಡಕ್ಕೂ 'ಆಯುಷ್ಯ' ಎಂದು ಬರೆದೆ. ಮೊದಲ ಪುಟದಲ್ಲಿ 'ಆಯುಷ್ಯ: 5 ವರ್ಷ' ಎಂದು ದಪ್ಪಕ್ಷರದಲ್ಲಿ ಬಂತು, ಇನ್ನೊಂದು ಹಿಂಬದಿಯ ಕೋಷ್ಟಕದಲ್ಲಿ ಉಳಿಯಿತು.

ಎಂಟು ತಿಂಗಳ ಬಳಿಕ ರಾಯಚೂರು ಜಿಲ್ಲೆಯ ಸಣ್ಣ ಕಚೇರಿಯೊಂದರಿಂದ ಫೋನ್ ಬಂತು. ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿಲ್ಲವಂತೆ. ಅಣ್ಣ ಹಾಳೆ ಹಿಡಿದು ಮೇಲೆ ಬಂದರು. "ತಂಗೀ, ಎರಡಕ್ಕೂ ಆಯುಷ್ಯ ಅಂತನ ಬರದೀರಿ. ಯಾವುದು ಖರೇ?"

ಎರಡೂ ಖರೆ, ಆದರೆ ಅಳತೆ ಬೇರೆ. ಒಂದನ್ನು ವರ್ಷಗಳಲ್ಲಿ ಅಳೆಯುತ್ತಾರೆ, ಇನ್ನೊಂದನ್ನು ಎಷ್ಟು ಸಲ ಖಾಲಿಯಾಗಿ ತುಂಬಿತು ಎಂದು ಎಣಿಸುತ್ತಾರೆ. ಭಾಷಾವಿಜ್ಞಾನ ಓದಿದವಳಿಗೆ ಇಷ್ಟು ಹೊಳೆಯಬೇಕಿತ್ತು.

ಕರೆಂಟು ಇರುವಷ್ಟು ಹೊತ್ತೂ ಯುಪಿಎಸ್ ತನ್ನ 12 ವೋಲ್ಟಿನ ಬ್ಯಾಟರಿಯನ್ನು 13.5ರಿಂದ 13.8 ವೋಲ್ಟಿನಲ್ಲಿ ಹಿಡಿದಿಟ್ಟಿರುತ್ತದೆ. ತಾನಾಗಿ ಸೋರುವಷ್ಟನ್ನು ಮಾತ್ರ ತುಂಬುತ್ತದೆ. ಇದೇ ಫ್ಲೋಟ್. ಹೀಗೆ ಸುಮ್ಮನೆ ಕೂತಿದ್ದರೂ ಧನ ಫಲಕದ ಸೀಸದ ಜಾಲರಿ ನಿಧಾನವಾಗಿ ಸವೆಯುತ್ತದೆ, ಒಳಗಿನ ನೀರಿನಂಶ ಆರುತ್ತದೆ. ಹಾಳೆಯ 5 ವರ್ಷ ಈ ಸವೆತದ ಲೆಕ್ಕ, ಅದೂ ಸುಮಾರು 25 ಡಿಗ್ರಿಯ ಕೋಣೆಯಲ್ಲಿ. ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ.

ರಾಯಚೂರಿನ ಬ್ಯಾಟರಿ ಸತ್ತದ್ದು ಇನ್ನೊಂದು ದಾರಿಯಲ್ಲಿ. ಅದು 7 ಆಂಪಿಯರ್-ಅವರ್‌ನದು. ಮೋಡೆಮ್, ಕ್ಯಾಮೆರಾ, ಹಾಜರಿ ಯಂತ್ರ ಸೇರಿ ಬ್ಯಾಟರಿಯಿಂದ ಸುಮಾರು ಎರಡೂವರೆ ಆಂಪಿಯರ್ ಎಳೆಯುತ್ತಿದ್ದವು. ದಿನಕ್ಕೆ ಎರಡು ಸಲ ಒಂದೂವರೆ ಗಂಟೆ ಕರೆಂಟು ಹೋಗುತ್ತಿತ್ತು. ಅಂದರೆ ಪ್ರತಿ ಸಲ ಅರ್ಧಕ್ಕಿಂತ ತುಸು ಹೆಚ್ಚೇ ಖಾಲಿ. ಅಷ್ಟು ಆಳಕ್ಕೆ ಇಳಿಸಿದರೆ ಈ ಬಗೆಯ ಬ್ಯಾಟರಿ ಸಾಮಾನ್ಯವಾಗಿ 400ರಿಂದ 500 ಸಲ ತಾಳುತ್ತದೆ. ತಿಂಗಳಿಗೆ 26 ದಿನವೆಂದರೆ 52 ಸಲ. ಒಂಬತ್ತು ತಿಂಗಳೊಳಗೆ ಎಣಿಕೆ ಮುಗಿಯಿತು. ಪ್ರತಿ ಸುತ್ತಿನಲ್ಲೂ ಫಲಕದ ಲೇಪ ಹಿಗ್ಗಿ ಕುಗ್ಗಿ ಸಡಿಲವಾಗುತ್ತದೆ. ಫ್ಲೋಟ್ ವೋಲ್ಟೇಜಿನಲ್ಲಿ ಪೂರ್ತಿ ತುಂಬಲು ಹಲವು ಗಂಟೆ ಬೇಕು. ಅಷ್ಟರಲ್ಲಿ ಮತ್ತೆ ಕರೆಂಟು ಹೋದರೆ, ತುಂಬದೆ ಉಳಿದ ಭಾಗದಲ್ಲಿ ಸಲ್ಫೇಟ್ ಗಟ್ಟಿಯಾಗುತ್ತದೆ.

ಹಾಗಾದರೆ ಹೆಚ್ಚು ವೋಲ್ಟೇಜ್ ಕೊಡಬಹುದಲ್ಲ ಎಂದು ಕೇಳಿದೆ. ಸೈಕಲ್ ಬಳಕೆಗೆ 14.4 ವೋಲ್ಟ್ ಅಥವಾ ಅದಕ್ಕಿಂತ ಮೇಲೆ ಕೊಡುತ್ತಾರೆ, ಆದರೆ ತುಂಬಿದ ಮೇಲೆ ಇಳಿಸಲೇಬೇಕು. ಹಗಲಿರುಳು ಅಷ್ಟೇ ಕೊಟ್ಟರೆ ಒಳಗೆ ಅನಿಲವೆದ್ದು ನೀರು ಹೋಗಿ ಡಬ್ಬಿ ಉಬ್ಬುತ್ತದೆ. ಮುಚ್ಚಿದ ಬ್ಯಾಟರಿಗೆ ನೀರು ಹಾಕುವ ದಾರಿಯಿಲ್ಲ.

2012-13ರ ಪವರ್ ಹಾಲಿಡೇ ದಿನಗಳಲ್ಲಿ ಬಾಲಾನಗರದಲ್ಲೂ ಬ್ಯಾಟರಿಗಳು ಎಣಿಕೆ ಮುಗಿದೇ ಸಾಯುತ್ತಿದ್ದವು ಎಂದರು ಅಣ್ಣ. ಈಗ ಕರೆಂಟು ಹೋಗುವುದೇ ಅಪರೂಪ. ತಮ್ಮ ಅಂಗಡಿಯ ಬ್ಯಾಟರಿಗೆ ಮೂರು ವರ್ಷ, ಏನೂ ಆಗಿಲ್ಲ ಎಂದು ಮೀಟರ್ ಹಿಡಿದು ತೋರಿಸಿದರು: 13.6. ಶೀಟಿನ ಛಾವಣಿ, ಬೇಸಗೆಯಲ್ಲಿ ಒಳಗೆ ನಿಲ್ಲಲಾಗದ ಸೆಕೆ. ಪ್ಲಗ್ ತೆಗೆದು ನೋಡೋಣ ಎಂದೆ. ಬಿಲ್ಲಿಂಗ್ ಕಂಪ್ಯೂಟರಿನ ಕೆಲಸ ಉಳಿಸಿ ತೆಗೆದರು. ಅರ್ಧ ನಿಮಿಷಕ್ಕೆ ಪರದೆ ಕಪ್ಪಾಯಿತು.

13.6 ಎಂಬುದು ಚಾರ್ಜರಿನ ವೋಲ್ಟೇಜ್, ಬ್ಯಾಟರಿಯ ಶಕ್ತಿಯಲ್ಲ. ದಿನವೂ ಬಳಸುವ ಬ್ಯಾಟರಿ ಎರಡು ಗಂಟೆ, ಒಂದೂವರೆ, ಒಂದು ಎಂದು ಕುಗ್ಗುತ್ತಾ ಮುನ್ಸೂಚನೆ ಕೊಡುತ್ತದೆ. ಫ್ಲೋಟಿನಲ್ಲಿ ಕೂತದ್ದು ಬೇಕಾದ ದಿನವೇ ಕೈಕೊಡುತ್ತದೆ, ಏಕೆಂದರೆ ನಡುವೆ ಯಾರೂ ಕೇಳಿರುವುದಿಲ್ಲ.

ಹಾಳೆಯನ್ನು ಮತ್ತೆ ಬರೆದೆ. ಮೊದಲ ಪುಟದಲ್ಲಿ ಈಗ ಹೀಗಿದೆ: 'ಕರೆಂಟು ಅಪರೂಪಕ್ಕೆ ಹೋಗುವ ಕಡೆ, ತಂಪು ಕೋಣೆಯಲ್ಲಿ, 5 ವರ್ಷದವರೆಗೆ. ದಿನವೂ ಅರ್ಧ ಖಾಲಿಯಾಗುವ ಕಡೆ 400ರಿಂದ 500 ಸಲ. ಯಾವುದು ಮೊದಲು ಮುಗಿದರೂ ಬ್ಯಾಟರಿ ಮುಗಿಯಿತು. ಹೊಸದರಲ್ಲಿ ಎಷ್ಟು ನಿಮಿಷ ನಿಂತಿತೆಂದು ಬರೆದಿಡಿ. ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಅಷ್ಟೇ ಹೊರೆಯಲ್ಲಿ ನೋಡಿ.' ವಾರವಾರ ನೋಡಬೇಡಿ ಎಂದೂ ಸೇರಿಸಿದೆ, ಏಕೆಂದರೆ ಆ ಪರೀಕ್ಷೆಯೂ ಎಣಿಕೆಗೆ ಸೇರುತ್ತದೆ.

ರಾಯಚೂರಿನವರಿಗೆ ಅಣ್ಣ ಈ ಸಲ ಇದಕ್ಕಿಂತ ದೊಡ್ಡ ಬ್ಯಾಟರಿ ಹಾಕಿಸಿಕೊಟ್ಟರು. ಅದೇ ಹೊರೆಗೆ ಅದು ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಎಣಿಕೆ ಹೆಚ್ಚು ಸಿಗುತ್ತದೆ. ಆ ತಿಂಗಳು ನಾನು ಅನುವಾದದ ಬಿಲ್ಲು ಕಳಿಸಲಿಲ್ಲ.