ಹುಡುಗನ ಹಿಂದೆ ಓಡೋ ಕ್ಯಾಮೆರಾ

ಶ್ರೀನಿವಾಸಪುರದಲ್ಲಿರೋ ಅಕ್ಕನ ಮಗನಿಗೆ ಅಂತ ಒಂದು ಗೇಮ್ ಮಾಡಿದ್ದೆ. ಮಾಲೂರಿನಿಂದ ವೈಟ್‌ಫೀಲ್ಡಿಗೆ ಟ್ರೈನಲ್ಲಿ ಹೋಗಿಬರುವಾಗ ಸೀಟು ಸಿಕ್ಕ ದಿನ ಲ್ಯಾಪ್‌ಟಾಪ್ ತೆಗೀತಿದ್ದೆ, ಸಿಗದ ದಿನ ಇಲ್ಲ. ಹಾಗಾಗಿ ಏಳು ತಿಂಗಳು ಹಿಡೀತು. ಒಬ್ಬ ಹುಡುಗ ಮಾವಿನಕಾಯಿ ಬುಟ್ಟಿ ಹೊತ್ಕೊಂಡು ಶ್ರೀನಿವಾಸಪುರದ ತೋಪಿನಿಂದ ಹೊರಟು, ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ ಇಳಿದು, ಮುಳಬಾಗಿಲಿನ ಬಂಡೆಗಳ ಮೇಲೆ ಹಾರ್ಕೊಂಡು ಸಂತೆ ಸೇರ್ಬೇಕು. ಅಷ್ಟೇ ಕಥೆ.

ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋಗಿ, ಅವರ ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಐದು ನಿಮಿಷ ಆಡಿದ. ಆಮೇಲೆ ಪಕ್ಕಕ್ಕಿಟ್ಟು, "ಮಾಮ, ತಲೆ ತಿರುಗ್ತೈತೆ" ಅಂದ. ಆಡೋಕೆ ಬೇಜಾರಾಗಿ ನೆಪ ಹೇಳ್ತಿದಾನೆ ಅಂದ್ಕೊಂಡೆ. ಅಕ್ಕ ತಗೊಂಡು ಎರಡು ನಿಮಿಷ ನೋಡಿ, "ಇದೇನೋ, ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತಂಗೈತೆ" ಅಂದ್ಳು. ನೆಪ ಆಗಿರಲಿಲ್ಲ.

ನನ್ನ ಲ್ಯಾಪ್‌ಟಾಪಲ್ಲಿ ಅದೇ ಗೇಮ್ ಚೆನ್ನಾಗೇ ಓಡ್ತಿತ್ತು. ವಾಪಸ್ ಬಂದು ಆಫೀಸಿನ ಗೆಳೆಯನ ದೊಡ್ಡ ಮಾನಿಟರಲ್ಲಿ ಹಾಕಿ ನೋಡಿದ್ರೆ ಅಲ್ಲಿ ಮೂರನೇ ಥರ ಇತ್ತು: ಹುಡುಗ ಓಡುವಾಗ ಚಳಿ ಜ್ವರ ಬಂದವನಂತೆ ನಡುಗ್ತಿದ್ದ. ಒಂದೇ ಗೇಮು, ಮೂರು ಯಂತ್ರ, ಮೂರು ಕ್ಯಾಮೆರಾ.

ಗೇಮಲ್ಲಿ ಕ್ಯಾಮೆರಾ ಅಂದ್ರೆ ಇಡೀ ತೋಪಿನಲ್ಲಿ ಯಾವ ಭಾಗ ಪರದೆ ಮೇಲೆ ಕಾಣಬೇಕು ಅಂತ ಹೇಳೋ ಒಂದು ಬಿಂದು, ಅಷ್ಟೇ. ಅದನ್ನ ಹುಡುಗನಿಗೇ ಅಂಟಿಸಿಬಿಟ್ಟರೆ ಅವನ ಪ್ರತಿ ಸಣ್ಣ ಹಾರಾಟಕ್ಕೂ ಇಡೀ ಜಗತ್ತು ಕುಣಿಯುತ್ತೆ. ಹಾಗಾಗಿ ಎಲ್ಲರೂ ಮಾಡೋದು ಏನು ಅಂದ್ರೆ, ಕ್ಯಾಮೆರಾ ಪ್ರತಿ ಫ್ರೇಮಿಗೂ ಹುಡುಗನಿಗೂ ತನಗೂ ಇರೋ ಅಂತರದಲ್ಲಿ ಒಂದು ಪಾಲು ಮಾತ್ರ ಮುಂದೆ ಸರಿಯೋದು. ನಾನು ಬಳಸೋದು ಗೊಡೊ ಎಂಜಿನ್. ಅದರಲ್ಲಿ ನಾನು ಬರೆದಿದ್ದ ಸಾಲು ಇದು:

```gdscript
position = position.lerp(player.position, 0.1)
```

ಹತ್ತರಲ್ಲಿ ಒಂದು ಪಾಲು ಸರಿ ಅಂತ. ಇಂಟರ್ನೆಟ್ಟಲ್ಲಿ ನೋಡೋ ಅರ್ಧದಷ್ಟು ಪಾಠಗಳಲ್ಲಿ ಇದೇ ಸಾಲು ಇರುತ್ತೆ. ತಪ್ಪು ಇರೋದು "ಪ್ರತಿ ಫ್ರೇಮಿಗೂ" ಅನ್ನೋ ಮಾತಲ್ಲಿ. ನನ್ನ ಹುಡುಗ ಸೆಕೆಂಡಿಗೆ 240 ಪಿಕ್ಸೆಲ್ ಓಡ್ತಾನೆ. ನನ್ನ ಲ್ಯಾಪ್‌ಟಾಪು ಸೆಕೆಂಡಿಗೆ 60 ಚಿತ್ರ ಬರೆಯುತ್ತೆ, ಅಂದ್ರೆ ಫ್ರೇಮಿಗೆ 4 ಪಿಕ್ಸೆಲ್. ಕ್ಯಾಮೆರಾ ಹಿಂದೆ ಬೀಳ್ತಾ ಬೀಳ್ತಾ, ಅಂತರದ ಹತ್ತನೇ ಒಂದು ಪಾಲು ಸರಿಯಾಗಿ ಆ 4 ಪಿಕ್ಸೆಲ್ಲಿಗೆ ಸಮ ಆದಾಗ ಅಲ್ಲಿ ನಿಲ್ಲುತ್ತೆ. ಲೆಕ್ಕ ಹಾಕಿದ್ರೆ ಹುಡುಗನಿಂದ 36 ಪಿಕ್ಸೆಲ್ ಹಿಂದೆ. ಅಕ್ಕನ ಮನೆ ಲ್ಯಾಪ್‌ಟಾಪು ಪಾಪ, ಸೆಕೆಂಡಿಗೆ 30 ಚಿತ್ರ ಎಳೆಯೋಕೇ ಏದುಸಿರು ಬಿಡುತ್ತೆ. ಅಲ್ಲಿ ಫ್ರೇಮಿಗೆ 8 ಪಿಕ್ಸೆಲ್, ಕ್ಯಾಮೆರಾ 72 ಪಿಕ್ಸೆಲ್ ಹಿಂದೆ. ಗೆಳೆಯನ ಮಾನಿಟರು 144ರದ್ದು, ಅಲ್ಲಿ ಬರೀ 15. ಸಾಲದ್ದಕ್ಕೆ ಹಳೇ ಯಂತ್ರದಲ್ಲಿ ಫ್ರೇಮುಗಳು ಒಂದೇ ಸಮ ಬರಲ್ಲ. ಮಾವಿನ ಮರ ಜಾಸ್ತಿ ಇರೋ ಕಡೆ ನಿಧಾನ, ಖಾಲಿ ಹೊಲದಲ್ಲಿ ಜೋರು. ಹುಡುಗ ಒಂದೇ ವೇಗದಲ್ಲಿ ಓಡ್ತಿದ್ರೂ ಆ 72 ಒಮ್ಮೆ 50 ಆಗುತ್ತೆ, ಒಮ್ಮೆ 80 ಆಗುತ್ತೆ. ಇಡೀ ಚಿತ್ರ ಹಿಂದೆ ಮುಂದೆ ತೂಗುತ್ತೆ. ಅಕ್ಕ ಹೇಳಿದ ಬಸ್ಸಿನ ಹಿಂದಿನ ಸೀಟು ಇದೇ.

ಪರಿಹಾರ ಸರಳ. ಪಾಲನ್ನ ಫ್ರೇಮಿನ ಲೆಕ್ಕದಲ್ಲಿ ಕೊಡಬಾರದು, ಕಳೆದ ಸಮಯದ ಲೆಕ್ಕದಲ್ಲಿ ಕೊಡಬೇಕು.

```gdscript
var t = 1.0 - exp(-k * delta)
position = position.lerp(player.position, t)
```

`delta` ಅಂದ್ರೆ ಹಿಂದಿನ ಫ್ರೇಮಿನಿಂದ ಕಳೆದ ಸೆಕೆಂಡು. `k` ಎಷ್ಟು ದೊಡ್ಡದಿದ್ರೆ ಕ್ಯಾಮೆರಾ ಅಷ್ಟು ಚುರುಕು. ನನ್ನ ಹಳೇ 0.1ಕ್ಕೆ 60 ಫ್ರೇಮಲ್ಲಿ ಹೊಂದೋ `k` ಸುಮಾರು 6.3. ಅದನ್ನ ಹಾಕಿದ ಮೇಲೆ ಮೂರು ಯಂತ್ರಗಳಲ್ಲಿ ಅಂತರ 34, 36, 37 ಪಿಕ್ಸೆಲ್. ಈ ಮೂರು ಪಿಕ್ಸೆಲ್ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ಕೆಲವರು `0.1 * delta * 60` ಅಂತ ಗುಣಿಸಿ ಕೈತೊಳ್ಕೋತಾರೆ. ಫ್ರೇಮು ಸಣ್ಣದಿದ್ದಾಗ ಅದೂ ನಡೆಯುತ್ತೆ, ಆದರೆ `delta` ದೊಡ್ಡದಾಗಿ ಪಾಲು 1 ದಾಟಿದ್ರೆ ಕ್ಯಾಮೆರಾ ಹುಡುಗನನ್ನ ದಾಟಿ ಹೋಗಿಬಿಡುತ್ತೆ. `exp` ಇದ್ರೆ ಪಾಲು ಯಾವತ್ತೂ 1 ದಾಟಲ್ಲ.

ಖುಷಿಯಾಗಿ ಗೆಳೆಯನ ಮನೆಗೆ ಹೋದೆ. ಅಲ್ಲಿ ನಡುಕ ಹಾಗೇ ಇತ್ತು.

ಇದಕ್ಕೆ ನಂಗೆ ಎರಡು ವಾರ ಹಿಡೀತು, ಯಾಕಂದ್ರೆ ತಪ್ಪು ಕ್ಯಾಮೆರಾದಲ್ಲೇ ಇದೆ ಅಂತ ನಂಬಿ `k` ಬದಲಾಯಿಸ್ತಾ ಕೂತಿದ್ದೆ. ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಮೆತ್ತಗೆ ಸರಿಯೋದನ್ನೆಲ್ಲ ತೆಗೆದು ಕ್ಯಾಮೆರಾನ ಹುಡುಗನಿಗೇ ಅಂಟಿಸಿದೆ. ತಕ್ಷಣ ಹುಡುಗ ಕಲ್ಲಿನಂತೆ ನಿಂತ, ಹಿಂದಿನ ಮರಗಳು ನಡುಗೋಕೆ ಶುರು ಮಾಡಿದ್ವು. ಅಂದ್ರೆ ನಡುಕ ಹುಟ್ಟೋದು ಹುಡುಗನ ಓಟದಲ್ಲೇ.

ಕಾರಣ ಇಷ್ಟು. ಎಂಜಿನ್ನಲ್ಲಿ ಎರಡು ಗಡಿಯಾರ ಇವೆ. ಓಡೋದು, ಬೀಳೋದು, ಬಂಡೆಗೆ ಡಿಕ್ಕಿ ಹೊಡೆಯೋದು ಎಲ್ಲ ಫಿಸಿಕ್ಸಿನ ಗಡಿಯಾರದಲ್ಲಿ, ಸೆಕೆಂಡಿಗೆ 60 ಸಲ. ಚಿತ್ರ ಬರೆಯೋದು ಮಾನಿಟರಿನ ಗಡಿಯಾರದಲ್ಲಿ, ಇಲ್ಲಿ 144 ಸಲ. ಭಾಗಿಸಿದ್ರೆ ಒಂದು ಫಿಸಿಕ್ಸ್ ಹೆಜ್ಜೆಗೆ 2.4 ಚಿತ್ರ. 2.4 ಚಿತ್ರ ಬರೆಯೋಕಾಗಲ್ಲವಲ್ಲ, ಹಾಗಾಗಿ ಹುಡುಗ ಒಮ್ಮೆ ಎರಡು ಚಿತ್ರದಲ್ಲಿ ಅಲ್ಲೇ ನಿಂತಿರ್ತಾನೆ, ಒಮ್ಮೆ ಮೂರು ಚಿತ್ರದಲ್ಲಿ, ಆಮೇಲೆ 4 ಪಿಕ್ಸೆಲ್ ನೆಗೀತಾನೆ. ಕ್ಯಾಮೆರಾ ಮಾತ್ರ ಪ್ರತಿ ಚಿತ್ರಕ್ಕೂ ಮೆತ್ತಗೆ ಸರೀತಾ ಇರುತ್ತೆ. ಅವನು ನಿಂತಿದ್ದಾಗ ಇದು ಮುಂದೆ ಹೋಗುತ್ತೆ, ಪರದೆ ಮೇಲೆ ಅವನು ಹಿಂದೆ ಬಂದಂತೆ ಕಾಣುತ್ತೆ, ಮತ್ತೆ ನೆಗೀತಾನೆ. ಅದೇ ನಡುಕ. ನನ್ನ ಲ್ಯಾಪ್‌ಟಾಪಲ್ಲಿ 60ಕ್ಕೆ 60 ಇದ್ದಿದ್ರಿಂದ ಏಳು ತಿಂಗಳು ನಂಗೆ ಗೊತ್ತೇ ಆಗಿರಲಿಲ್ಲ.

ಮೊದಲು ಕ್ಯಾಮೆರಾದ ಸಾಲುಗಳನ್ನ `_process` ಇಂದ ತೆಗೆದು `_physics_process` ಒಳಗೆ ಹಾಕಿದೆ. ಇಬ್ಬರೂ ಒಂದೇ ಗಡಿಯಾರಕ್ಕೆ ಬಂದ್ರು, ಹುಡುಗ ನಡುಗೋದು ನಿಲ್ತು. ಆದ್ರೆ ಈಗ ಇಬ್ಬರೂ ಒಟ್ಟಿಗೆ ಎರಡು-ಮೂರು ಚಿತ್ರಕ್ಕೊಮ್ಮೆ ನೆಗೀತಾರೆ, ಇಡೀ ತೋಪು ತಡವರಿಸಿದಂತೆ ಕಾಣುತ್ತೆ. ಪೂರ್ತಿ ಗುಣ ಆಗಬೇಕಿದ್ರೆ ಎರಡು ಫಿಸಿಕ್ಸ್ ಹೆಜ್ಜೆಗಳ ನಡುವಿನ ಜಾಗವನ್ನ ಲೆಕ್ಕ ಹಾಕಿ ಬರೆಯಬೇಕು: ಹೆಜ್ಜೆ ಅರ್ಧ ಕಳೆದಿದ್ರೆ ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ಮಧ್ಯದಲ್ಲಿ ತೋರಿಸೋದು. ಗೊಡೊದಲ್ಲಿ 2024ರಲ್ಲಿ ಬಂದ 4.3ನೇ ಆವೃತ್ತಿಯಿಂದ ಎರಡು ಆಯಾಮದ ಗೇಮಿಗೆ ಇದು ಇದೆ. ಪ್ರಾಜೆಕ್ಟ್ ಸೆಟ್ಟಿಂಗ್ಸಲ್ಲಿ `Physics Interpolation` ಅನ್ನೋದಕ್ಕೆ ಟಿಕ್ ಹಾಕಿದ್ರಾಯ್ತು. ಬೆಲೆ ಇದೆ: ಪರದೆ ಮೇಲೆ ಕಾಣೋದು ಯಾವಾಗಲೂ ಒಂದು ಹೆಜ್ಜೆ ಹಳೇದು, ಸುಮಾರು 17 ಮಿಲಿಸೆಕೆಂಡು. ಮಾವಿನಕಾಯಿ ಹೊರೋ ಗೇಮಿಗೆ ಅದು ಲೆಕ್ಕಕ್ಕಿಲ್ಲ.

ಇನ್ನು ಅಂತರಗಂಗೆ. ಬೆಟ್ಟದ ತುದಿಯಿಂದ ಹಾರೋ ಒಂದು ಜಾಗ ಇಟ್ಟಿದ್ದೆ, ನನ್ನ ಗೇಮಲ್ಲಿ ನಂಗೆ ತುಂಬ ಇಷ್ಟ ಇದ್ದಿದ್ದು ಅದೇ. ಬೀಳುವಾಗ ಹುಡುಗನ ಗರಿಷ್ಠ ವೇಗ ಸೆಕೆಂಡಿಗೆ 1200 ಪಿಕ್ಸೆಲ್, ಹೆಜ್ಜೆಗೆ 20. ಓಟದಲ್ಲಿ 36 ಪಿಕ್ಸೆಲ್ ಹಿಂದೆ ಬೀಳ್ತಿದ್ದ ಕ್ಯಾಮೆರಾ ಇಲ್ಲಿ ಅದೇ ಲೆಕ್ಕದಲ್ಲಿ 180 ಹಿಂದೆ. ನನ್ನ ಪರದೆಯ ಎತ್ತರ 360. ಅಂದ್ರೆ ನಡುವಿನಿಂದ ಕೆಳಗಿನ ಅಂಚಿಗೆ ಸರಿಯಾಗಿ 180. ಹುಡುಗನ ಸೊಂಟದಿಂದ ಕೆಳಗೆ ಪರದೆ ಆಚೆ, ಎಲ್ಲಿ ಇಳೀತಾನೆ ಅಂತ ನೋಡೋಕೆ ಒಂದು ಪಿಕ್ಸೆಲ್ಲೂ ಇಲ್ಲ! ಅಳಿಯ ಅಲ್ಲಿ ಪ್ರತಿ ಸಲ ಮುಳ್ಳಿನ ಮೇಲೆ ಬಿದ್ದು ಸಾಯ್ತಿದ್ದಿದ್ದು ಅವನ ತಪ್ಪಲ್ಲ.

`k` ಜಾಸ್ತಿ ಮಾಡಿದ್ರೆ ಮತ್ತೆ ಪ್ರತಿ ಹಾರಾಟಕ್ಕೂ ಬೆಟ್ಟ ಕುಣಿಯುತ್ತೆ. 2015ರ ಜಿಡಿಸಿ ಸಮ್ಮೇಳನದಲ್ಲಿ ಇತಾಯ್ ಕೆರೆನ್ ಅನ್ನೋ ಗೇಮ್ ಡಿಸೈನರ್ ಹಳೇ ಗೇಮುಗಳ ಕ್ಯಾಮೆರಾಗಳನ್ನ ಒಂದೊಂದಾಗಿ ಬಿಚ್ಚಿ ತೋರಿಸಿದ ಉಪನ್ಯಾಸ ಇದೆ. ಸೂಪರ್ ಮಾರಿಯೋ ವರ್ಲ್ಡಲ್ಲಿ ಮಾರಿಯೋ ಹಾರಿದಾಗ ಕ್ಯಾಮೆರಾ ಸುಮ್ಮನಿರುತ್ತೆ, ಹೊಸ ಕಟ್ಟೆ ಮೇಲೆ ಕಾಲಿಟ್ಟ ಮೇಲೆ ಮಾತ್ರ ಆ ಎತ್ತರಕ್ಕೆ ಸರಿಯುತ್ತೆ. ಇಷ್ಟು ವರ್ಷ ಆಡಿದ್ರೂ ನಾನು ಗಮನಿಸಿರಲಿಲ್ಲ. ಅದನ್ನೇ ತಂದೆ: ಮೇಲೆ ಕೆಳಗೆ ಚಲಿಸೋಕೆ ಕ್ಯಾಮೆರಾದ ಗುರಿ ಹುಡುಗ ಕೊನೇ ಸಲ ನಿಂತ ನೆಲ. ಆ ನೆಲಕ್ಕಿಂತ ಕೆಳಗೆ ಬಿದ್ದಾಗ ಮಾತ್ರ ಗುರಿ ಬದಲಾಗುತ್ತೆ:

```gdscript
target.y = player.position.y + player.velocity.y / k
```

ಹಿಂದೆ ಬೀಳೋ ದೂರ ಹೆಚ್ಚುಕಡಿಮೆ ವೇಗವನ್ನ `k` ಇಂದ ಭಾಗಿಸಿದಷ್ಟೇ ಅಲ್ವಾ? ಅಷ್ಟನ್ನ ಮೊದಲೇ ಗುರಿಗೆ ಕೂಡಿಸಿದ್ರೆ ಎರಡೂ ವಜಾ ಆಗುತ್ತೆ, ಹುಡುಗ ಪರದೆ ನಡುವೆ ಉಳೀತಾನೆ. ಅವನು ನೆಲ ಮುಟ್ಟಿದ ತಕ್ಷಣ ವೇಗ ಸೊನ್ನೆ, ಕ್ಯಾಮೆರಾನೂ ಅವನ ಜೊತೆಗೇ ನಿಲ್ಲುತ್ತೆ. ಒಂದು ತೊಂದರೆ: ಹಾರಿ ಬಂದು ನೆಲದ ಗೆರೆ ದಾಟುವಾಗ ಅವನಿಗೆ ಆಗಲೇ ವೇಗ ಇರುತ್ತೆ, ಆಗ ಕ್ಯಾಮೆರಾ ಜಗ್ಗಿದಂತೆ ಶುರು ಆಗುತ್ತೆ. ಕೂಡಿಸೋ ಆ ಭಾಗವನ್ನ ಒಂದೇ ಸಲಕ್ಕೆ ಹಾಕದೆ ಕಾಲು ಸೆಕೆಂಡಿನಲ್ಲಿ ಸೊನ್ನೆಯಿಂದ ಪೂರ್ತಿಗೆ ಏರಿಸಿದೆ. ಇದೇ ಉಪಾಯವನ್ನ ಎಡ-ಬಲಕ್ಕೂ ಹಾಕಿ ನೋಡಿ ಕೈಬಿಟ್ಟೆ. ಅಳಿಯನ ಥರ ಎಡ ಬಲ ಎಡ ಬಲ ಅಂತ ಬಟನ್ ಕುಟ್ಟೋರಿಗೆ ಗುರಿ ಪ್ರತಿ ಸಲ 76 ಪಿಕ್ಸೆಲ್ ಆಚೀಚೆ ನೆಗೆದು ಮತ್ತೆ ತಲೆ ತಿರುಗುತ್ತೆ.

ಕೊನೇದು, ಸತ್ತ ಮೇಲಿನದು. ಮುಳಬಾಗಿಲಿನ ಬಂಡೆ ಮೇಲಿಂದ ಬಿದ್ರೆ ಹುಡುಗ 6000 ಪಿಕ್ಸೆಲ್ ಹಿಂದಿರೋ ಶುರುವಿನ ಜಾಗಕ್ಕೆ ಹೋಗ್ತಾನೆ. ಕ್ಯಾಮೆರಾ ಪಾಪ ನಿಷ್ಠೆಯಿಂದ ಹಿಂಬಾಲಿಸುತ್ತೆ, ಮೊದಲ ಹೆಜ್ಜೆಯಲ್ಲೇ 600 ಪಿಕ್ಸೆಲ್, ಇಡೀ ಊರು ಕಣ್ಮುಂದೆ ಸರ್ರನೆ ಹೋಗುತ್ತೆ. ಮೇಲಿಂದ ಆ ನಡುವಿನ ಜಾಗದ ಲೆಕ್ಕ ಬೇರೆ ಹುಡುಗನನ್ನ ಒಂದು ಕ್ಷಣ ದಾರಿ ಮಧ್ಯದಲ್ಲಿ ತೋರಿಸುತ್ತೆ. ಇಲ್ಲಿ ಮೆತ್ತಗೆ ಹೋಗೋದು ಬೇಡ. ಹುಡುಗನನ್ನೂ ಕ್ಯಾಮೆರಾನೂ ನೇರ ಹೊಸ ಜಾಗಕ್ಕಿಟ್ಟು, ಆಮೇಲೆ ಎರಡಕ್ಕೂ `reset_physics_interpolation()` ಕರೆದೆ. ಜಾಗ ಬದಲಾಯಿಸೋ ಮುಂಚೆ ಕರೆದ್ರೆ ಉಪಯೋಗ ಇಲ್ಲ. ಅದನ್ನೂ ಮಾಡಿ ನೋಡಿದ್ದೆ.

ಮಾವಿನ ಸುಗ್ಗಿ ಮುಗಿಯೋ ಹೊತ್ತಿಗೆ ಮತ್ತೆ ಶ್ರೀನಿವಾಸಪುರಕ್ಕೆ ಹೋದೆ. ಅಳಿಯ ಊಟಕ್ಕೆ ಕರೆದ್ರೂ ಏಳದೆ ಮುಕ್ಕಾಲು ಗಂಟೆ ಆಡಿದ, ಅಂತರಗಂಗೆ ಎರಡನೇ ಸಲಕ್ಕೇ ದಾಟಿದ. ಹೇಗಿದೆಯೋ ಅಂತ ಕೇಳಿದೆ.

"ಚೆನ್ನಾಗೈತೆ ಮಾಮ. ಆದ್ರೆ ಬುಟ್ಟೀಲಿರೋದು ಬಾದಾಮಿ ಅಂತ ಬರ್ದಿದ್ದೀಯ, ಮೂತಿ ನೋಡಿದ್ರೆ ತೋತಾಪುರಿ."